ಸುಮ್ಕೆ ಕುಂತಿರೋಳು

೧೯೬೧ರ ಜನಗಣತಿಗೆ ಮನೆಗೆ ಬಂದ ಮೇಷ್ಟ್ರ ಮುಂದೆ ಈರಕ್ಯಾತಯ್ಯ, ತನ್ನ ಹೆಂಡತಿ ಸಣ್ಣೀರಮ್ಮನಿಗೆ ಕೆಲಸವೇನೂ ಇಲ್ಲವೆಂದು ಬರೆಸಿದ. ಮರುದಿನ ಮಧುಗಿರಿ ಬಸ್ ನಿಲ್ದಾಣದಲ್ಲಿ ಗಂಡಹೆಂಡತಿ, ಅವರದೇ ಊರಿನ ನನ್ನ ಪಕ್ಕದಲ್ಲೇ ಕುಳಿತಿದ್ದರು.

“ನೀನು ಅಂಗಂದಾಗ ನಾನು ಒಳಗೆ ರಾಗಿ ಬೀಸ್ತಿದ್ದೆ. ಕಲ್ಲಿನ ಸದ್ದು ಕೇಳ್ನಿಲ್ವಾ?”

“ದಿನಾ ಕೇಳೋ ಸದ್ದು ಕಣೇ ಅದು.”

“ಮೇಷ್ಟ್ರು ಕೂತಿದ್ದ ಜಗಲಿ ಸಾರ್ಸಿದ್ಯಾರು? ಅವ್ರು ಕುಡಿದ ಮಜ್ಜಿಗೆ ಕಡೆದಿದ್ಯಾರು?”

“ಅದೆಲ್ಲ ಮನೇದು. ಸರ್ಕಾರದೋರು ಅದ್ನ ಕೆಲ್ಸ ಅನ್ನಾಕಿಲ್ಲ.”

“ಸರ್ಕಾರಕ್ಕೆ ನನ್ ಗುರ್ತಿಲ್ಲ. ನೀನು ಇಪ್ಪತ್ತು ವರ್ಸ ನನ್ ಕೈ ಮುದ್ದೆ ಉಂಡೋನು. ‘ಸುಮ್ಕೆ ಕುಂತಿರ್ತಾಳೆ’ ಅಂತ ನಗ್ತಾ ನಗ್ತಾ ಹೇಳ್ದಲ್ಲ!”

ಆತ ಬೀಡಿ ಆರಿಸಿದ. ಪಾವಗಡದ ಬಸ್ಸು ಬಂದು ನಿಂತಿತು.

“ಏಳೇ. ನಮ್ಮಕ್ಕನ ಮಗಳ ಮದ್ವೆ. ಇನ್ನೂರು ಜನಕ್ಕೆ ಅಡ್ಗೆ ಮಾಡಾಕೆ ನೀನೇ ಬೇಕು ಅಂತ ಕಾಯ್ತಾವ್ರೆ.”

“ಕೆಲ್ಸ ಇರೋರ್ನ ಕರ್ಕೊಂಡೋಗು.”

“ಮರ್ವಾದೆ ಹೋಯ್ತದೆ, ಹತ್ತೇ ಬಸ್ಸು!”

ಆಕೆ ಸೆರಗು ಕೊಡವಿ ಎದ್ದು, ಊರಿನ ದಾರಿಗೆ ತಿರುಗಿದಳು.

“ಹತ್ತಾಕಿಲ್ಲ. ಮನೇಲಿ ಸುಮ್ಕೆ ಕುಂತಿರ್ತೀನಿ.”