ಒಂದೇ ಮೂಗಿನ ಮೂರು ಅಳತೆ

ತಕ್ಕಡಿ ಸರಿಯಾಗಿದ್ದರೂ ಅದನ್ನು ಹಿಡಿದ ಕೈ ಸರಿಯಿಲ್ಲದಿದ್ದರೆ ಏನಾಗುತ್ತದೆ ಎಂದು ಈಗಷ್ಟೇ ಮಾತಾಡುತ್ತಿದ್ದೆವಲ್ಲ. ಅದಕ್ಕೊಂದು ದೃಷ್ಟಾಂತ ಕೇಳಿ.

ಕಲ್ಲುಗುಡ್ಡದ ಕೆಳಗೊಂದು ಊರು. ಆ ಊರಿಗೊಬ್ಬ ಸಾಹುಕಾರ. ಅವನಿಗೆ ಎಲ್ಲವೂ ಇತ್ತು, ಆದರೆ ತನ್ನ ಪಕ್ಕದಲ್ಲಿ ಯಾರು ನಿಂತಿದ್ದಾರೆ ಎಂಬ ಚಿಂತೆಯೊಂದು ಅವನನ್ನು ಬಿಟ್ಟಿರಲಿಲ್ಲ. ಆ ವರ್ಷ ಊರಿನಲ್ಲಿ ಹೊಸ ಬಾವಿಯಾಯಿತು. ಅಗೆದವರು, ಊರು ಕೀಳೆಂದು ದೂರವಿಟ್ಟಿದ್ದ ಕಲ್ಲು ಒಡೆಯುವ ಕೇರಿಯವರು. ಬಂಡೆ ಸೀಳಿ, ನೀರು ಕಂಡು, ಮೊದಲ ಕೊಡ ಸೇದಿದವರೂ ಅವರೇ. ಸಾಹುಕಾರನಿಗೆ ಅದನ್ನು ಸಹಿಸಲಾಗಲಿಲ್ಲ. ಬಾವಿಗೆ ಬಾಗಿಲಿಡಿಸಿ ಬೀಗ ಹಾಕಿಸಿದ. ಕೇರಿಯವರು ತಾಲ್ಲೂಕಿನ ಅಧಿಕಾರಿ ಅಮಲ್ದಾರರ ಹತ್ತಿರ ಹೋದರು. ಸಾಹುಕಾರನೂ ಹೋದ. ಕಂಪನಿ ಹೋಗಿ ರಾಣಿಯ ಸರ್ಕಾರ ಬಂದಿದ್ದ ಕಾಲ ಅದು. ಅಮಲ್ದಾರರಿಗೆ ಇಬ್ಬರನ್ನೂ ಎದುರು ಹಾಕಿಕೊಳ್ಳುವ ಮನಸ್ಸಿರಲಿಲ್ಲ. "ಜಾತಿಗಳ ಅಳತೆ ನಡೀತಾ ಇದೆ. ನಿಮ್ಮೂರಿಗೂ ಬರ್ತದೆ. ಯಾರು ಮೇಲು ಯಾರು ಕೀಳು ಅಂತ ಅದರ ಪಟ್ಟಿ ಬರಲಿ, ಬಾವಿ ಯಾರದ್ದು ಅಂತ ಆಮೇಲೆ ನೋಡೋಣ," ಎಂದರು.

ಅಳತೆ ಎಂದರೆ ಜಮೀನಿನದಲ್ಲ, ಮೂಗಿನದು. ನಗಬೇಡಿ, ನಿಜವಾಗಿ ನಡೆದಿದೆ. ಈ ದೇಶದ ಜನರನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಬೇಕೆಂದು ಹೊರಟ ಬಿಳಿಯ ಪಂಡಿತರು, ಮೂಗು ಕಿರಿದಾದಷ್ಟೂ ಜಾತಿ ಮೇಲು, ಅಗಲವಾದಷ್ಟೂ ಕೀಳು ಎಂದು ಬರೆದರು.

ಈ ಊರಿನ ಕೆಲಸ ಬಿದ್ದದ್ದು ತಾಲ್ಲೂಕು ಆಸ್ಪತ್ರೆಯ ಕಾಂಪೌಂಡರನ ಮೇಲೆ. ಗಾಯ ತೊಳೆದು, ಔಷಧ ಕಲಸಿ ಬದುಕುತ್ತಿದ್ದ ಸಾಧು ಮನುಷ್ಯ. ಎರಡು ಬಾಗಿದ ಕಾಲುಗಳ ಉಕ್ಕಿನ ಕೈವಾರವನ್ನೂ ಒಂದು ಅಚ್ಚಿನ ಕಾಗದವನ್ನೂ ಅವನ ಕೈಗೆ ಕೊಟ್ಟಿದ್ದರು. ಕಾಗದದಲ್ಲಿ ಹೀಗಿತ್ತು: ಹುಬ್ಬುಗಳ ನಡುವೆ ಮೂಗು ಹುಟ್ಟುವ ತಗ್ಗಿನಿಂದ ಕೆಳಗೆ ಮೇಲ್ದುಟಿಗೆ ಸೇರುವ ಬುಡದವರೆಗೆ ಉದ್ದ. ಹೊಳ್ಳೆಗಳ ಹೊರಬದಿಯಲ್ಲಿ, ಒತ್ತದೆ, ಅಗಲ. ಅಗಲವನ್ನು ಉದ್ದದಿಂದ ಭಾಗಿಸಿ ನೂರರಿಂದ ಗುಣಿಸು. ಎಪ್ಪತ್ತಕ್ಕಿಂತ ಕಡಿಮೆ ಬಂದರೆ ಕಿರಿದು, ಎಪ್ಪತ್ತರಿಂದ ಎಂಬತ್ತೈದು ನಡುವಿನದು, ಅದಕ್ಕಿಂತ ಹೆಚ್ಚಾದರೆ ಅಗಲ. ಜಾತಿಗಿಷ್ಟು ಜನರನ್ನು ಅಳೆದು ಸರಾಸರಿ ತೆಗೆ. ಅಷ್ಟೇ ಲೆಕ್ಕ.

ಬೆಳಿಗ್ಗೆ ಚಾವಡಿಯ ಕಟ್ಟೆಯ ಮೇಲೆ ಕೂತ. ಸಾಹುಕಾರ ತನ್ನ ಜಾತಿಯ ಹನ್ನೆರಡು ಜನರನ್ನು ಸಾಲಾಗಿ ನಿಲ್ಲಿಸಿದ್ದ. ಎಲ್ಲರದೂ ಗಿಣಿಮೂಗು. ಆರಿಸಿ ತಂದಿದ್ದ, ನೋಡಿ. ಬೀಜದ ಜೋಳ ಆರಿಸುವ ಹಾಗೆ.

"ಉಳಿದವರೆಲ್ಲಿ ಸಾಹುಕಾರ್ರೇ?" ಎಂದ ಕಾಂಪೌಂಡರ್.

"ಹೊಲಕ್ಕೆ ಹೋಗ್ಯಾರ. ಇವರನ್ನ ಬರಕೋ, ಸಾಕು."

ಅವನು ಬರೆದುಕೊಂಡ. ಸಾಹುಕಾರನ ಅಳಿಯನದು ಅಗಲ ಮೂವತ್ತಾರು ಮಿಲಿಮೀಟರು, ಉದ್ದ ಐವತ್ತು. ಎಪ್ಪತ್ತೆರಡು ಬಂತು. ಅಷ್ಟರಲ್ಲಿ ಅಳಿಯನ ತಮ್ಮ ಎತ್ತು ಹೊಡೆದುಕೊಂಡು ಆ ದಾರಿಯಲ್ಲೇ ಬಂದ. ಕಾಂಪೌಂಡರ್ ಅವನನ್ನೂ ಕೂರಿಸಿದ. ನಲವತ್ತೆರಡು, ನಲವತ್ತೇಳು. ಎಂಬತ್ತೊಂಬತ್ತು! ಒಂದೇ ತಾಯಿಯ ಹಾಲು ಕುಡಿದವರು. ಒಬ್ಬ ನಡುವಿನವ, ಒಬ್ಬ ಕೆಳಗಿನವ. ಕಾಂಪೌಂಡರನ ಕೈ ಕಾಗದದ ಮೇಲೇ ನಿಂತಿತು.

ಮಧ್ಯಾಹ್ನ ಕಲ್ಲಿನ ಕೇರಿಯವರು ಬಂದರು, ಮೈತುಂಬ ಬಿಳಿ ಧೂಳು. ಮುಂದಿದ್ದ ಮುದುಕನದು ಅಗಲ ಮೂವತ್ತನಾಲ್ಕು, ಉದ್ದ ಐವತ್ತೊಂದು. ಅರವತ್ತೇಳರ ಒಳಗೇ ನಿಂತಿತು. ಆ ದಿನ ಅಳೆದ ಮೂಗುಗಳಲ್ಲೆಲ್ಲ ಕಿರಿದು ಅದೇ. ಮುದುಕನ ಹೆಂಡತಿ ಖಾಲಿ ಕೊಡ ಸೊಂಟದಲ್ಲಿಟ್ಟುಕೊಂಡು ನೋಡುತ್ತಿದ್ದಳು.

"ಡಾಕ್ಟ್ರಪ್ಪಾ, ನಮ್ಮ ಮುದುಕನ ಮೂಗು ನಲವತ್ತು ವರ್ಷದಿಂದ ನಾ ನೋಡೇನಿ. ಅದರಾಗೇನೂ ಇಲ್ಲ," ಎಂದಳು. "ನೀರು ಬೇಕಾಗೋದು ಬಾಯಿಗೆ. ಅದನ್ನ ಅಳೀತೀಯೇನು?"

ಕಟ್ಟೆಯ ಸುತ್ತ ಇದ್ದವರು ನಕ್ಕರು. ಕಾಂಪೌಂಡರ್ ನಗಲಿಲ್ಲ. ಈ ಕಾಗದ ಹೋದ ಮೇಲೆ ಆ ಕೊಡ ತುಂಬುತ್ತದೋ ಖಾಲಿಯೇ ಉಳಿಯುತ್ತದೋ ಎಂಬುದು ತನ್ನ ಬೆರಳಲ್ಲಿದೆ ಎಂದು ಅವನಿಗೆ ಆಗ ಹೊಳೆಯಿತು.

ಕೊನೆಗೆ ಸಾಹುಕಾರ ತಾನೇ ಕೂತ. ಅಗಲ ನಲವತ್ತು, ಉದ್ದ ನಲವತ್ತಾರು. ಎಂಬತ್ತೇಳು.

"ಅಂದ್ರ?"

"ಅಗಲ, ಸಾಹುಕಾರ್ರೇ."

"ನಿನ್ನ ಕಬ್ಬಿಣ ಸರಿ ಇಲ್ಲ. ಮೂಗು ಅಲ್ಲಿಂದ ಸುರುವಾಗೂದಿಲ್ಲ, ಇನ್ನೂ ಮ್ಯಾಲಿಂದ. ಹಿಡಿ."

ಕಾಂಪೌಂಡರ್ ಕೈವಾರದ ಮೊನೆಯನ್ನು ಒಂದು ಕೂದಲೆಳೆ, ಇನ್ನೊಂದು ಕೂದಲೆಳೆ ಮೇಲೇರಿಸಿದ. ನಾಲ್ಕು ಮಿಲಿಮೀಟರು ಹೆಚ್ಚಾಯಿತು. ಎಂಬತ್ತು ಬಂತು. ನಡುವಿನವನಾದ.

"ಇನ್ನೂ ಮ್ಯಾಲೆ. ಹೊಳ್ಳಿ ಸ್ವಲ್ಪ ಒತ್ತು. ಮಾಂಸ ಐತಿ, ಮಿದು ಐತಿ, ಒತ್ತಿದ್ರ ನೋವಾಗೂದಿಲ್ಲ."

ಒತ್ತಿದ. ಮೂವತ್ತಾರು, ಐವತ್ತೆರಡು. ಅರವತ್ತೊಂಬತ್ತು. ಸಾಹುಕಾರ ಮೀಸೆ ನೇವರಿಸಿದ. "ಹಾಂ, ಈಗ ಬಂತು ನೋಡು ಸರಿಯಾದ್ದು. ಇದನ್ನ ಬರಿ. ಇಲ್ಲಾಂದ್ರ ನಾಳೆ ಈ ಕೆಲಸದಾಗ ನೀ ಇರೂದಿಲ್ಲ."

ಕಾಂಪೌಂಡರನಿಗೂ ಹೆಂಡತಿ ಮಕ್ಕಳಿದ್ದರು. ಕೆಲಸ ಹೋದರೆ ಉಪವಾಸ. ಮೂರು ಅಳತೆಯನ್ನೂ ಒಂದರ ಕೆಳಗೊಂದು ಮೂರು ಸಾಲಾಗಿ ಬರೆದ. ಆಮೇಲೆ ತಣ್ಣಗೆ ಹೇಳಿದ: "ಬರೆದಿದೀನಿ. ಆದ್ರೆ ನಿಮ್ಮಂಥ ದೊಡ್ಡವರ ಅಳತೆ, ನಾನು ಬರೆದದ್ದಕ್ಕೆ ಯಾರೂ ಬೆಲೆ ಕೊಡೋದಿಲ್ಲ. ಎದುರಿಗೇ ಅಳೆದದ್ದು ಅಂತ ಪ್ರತಿ ಸಾಲಿಗೂ ನೀವೇ ಸಹಿ ಹಾಕ್ರಿ."

ಸಹಿ ಎಂದರೆ ಸಾಹುಕಾರನಿಗೆ ಪ್ರಾಣ. ಊರಿನಲ್ಲಿ ಸಹಿ ಹಾಕಲು ಬರುತ್ತಿದ್ದವನು ಅವನೊಬ್ಬನೇ. ಮೂರು ಸಾಲಿಗೂ ದಪ್ಪಕ್ಷರದಲ್ಲಿ ಹಾಕಿದ. ಕೊನೆಯದಷ್ಟೇ ಲೆಕ್ಕಕ್ಕೆ ಬರುತ್ತದೆ ಎಂದುಕೊಂಡ.

ಪಟ್ಟಿ ಅಮಲ್ದಾರರಿಗೆ ಹೋಯಿತು. ಅವರು ಓದಿದರು. ಅದೇ ಮನುಷ್ಯ, ಅದೇ ದಿನ, ಅದೇ ಮೂಗು. ಒಮ್ಮೆ ಕೀಳು, ಒಮ್ಮೆ ನಡುವೆ, ಒಮ್ಮೆ ಮೇಲು. ಪಕ್ಕದಲ್ಲಿ ಕಲ್ಲೊಡೆಯುವ ಮುದುಕ, ಒತ್ತದೆಯೇ ಎಲ್ಲರಿಗಿಂತ ಮೇಲೆ. ಸಾಹುಕಾರನನ್ನು ಕರೆಸಿದರು.

"ಕೂತ ಜಾಗದಲ್ಲೇ ನೀವು ಮೂರು ಜಾತಿ ಬದಲಾಯಿಸಿದ್ದೀರಿ. ಇದನ್ನು ನಂಬಿ ಬಾವಿಗೆ ಬೀಗ ಇಡಬೇಕು ಅಂದರೆ, ಮೊದಲು ನಿಮ್ಮನ್ನೇ ಹೊರಗಿಡಬೇಕಾಗ್ತದೆ. ಕೀಲಿ ಕೊಡಿ."

ಸಂಜೆ ಬೀಗ ತೆಗೆಸಿದರು. ಅಜ್ಜಿಯ ಕೊಡ ತುಂಬಿತು.

ಆ ಕಾಂಪೌಂಡರ್ ಕಂಡದ್ದನ್ನು, ಆಮೇಲೆ ಪಂಡಿತರ ಲೆಕ್ಕವನ್ನು ನಿಧಾನವಾಗಿ ಓದಿದವರೂ ಕಂಡರು. ಮೂಗಿನ ಬುಡ ಎಲ್ಲಿ ಎಂಬುದರಲ್ಲೇ ಅಳೆಯುವವರು ಒಬ್ಬರಿಗೊಬ್ಬರು ಹೊಂದಲಿಲ್ಲ. ಅಳೆದ ಜನ ಕಡಿಮೆ, ಆರಿಸಿ ತಂದವರು ಹೆಚ್ಚು. ಒಂದೇ ಜಾತಿಯೊಳಗಿನ ಮೂಗುಗಳ ವ್ಯತ್ಯಾಸ ಎರಡು ಜಾತಿಗಳ ಸರಾಸರಿಯ ವ್ಯತ್ಯಾಸಕ್ಕಿಂತ ದೊಡ್ಡದಾಗಿತ್ತು. ಪಂಡಿತರ ಕೋಷ್ಟಕವನ್ನೇ ಮತ್ತೆ ಓದಿದಾಗ ಮೆಟ್ಟಿಲು ಸಾಲಾಗಿ ನಿಲ್ಲಲಿಲ್ಲ. ಮೂಗಿಗೆ ಹವೆಯ ನಂಟು ಹೆಚ್ಚು ಎಂದೂ ಗೊತ್ತಾಯಿತು. ಬಿಸಿಲೂ ತೇವವೂ ಇರುವ ಕಡೆ ಅಗಲ, ಚಳಿಯ ಒಣ ನಾಡಿನಲ್ಲಿ ಕಿರಿದು. ಮೂಗು ನಾವು ಉಸಿರಾಡುವ ಗಾಳಿಗೆ ಒಗ್ಗಿದ್ದು, ನಾವು ಕೂತ ಮಣೆಗಲ್ಲ. ರಕ್ತ ಅಳೆದು ಜನರನ್ನು ಕೊಂದ ಎರಡನೇ ಮಹಾಯುದ್ಧ ಮುಗಿದ ಮೇಲಂತೂ ಲೋಕಕ್ಕೆ ನಾಚಿಕೆಯಾಯಿತು. ಕೈವಾರ ಪೆಟ್ಟಿಗೆ ಸೇರಿತು.

ಸೇರಿತೇ? ಕೇಳಿಕೊಳ್ಳಿ. ಉಕ್ಕಿನದು ಸೇರಿತು. ಕಣ್ಣಿನದು? ಬಾಡಿಗೆಗೆ ಮನೆ ಕೇಳಲು ಬಂದವರ ಹೆಸರಿನ ಕೊನೆಯ ಪದಕ್ಕಾಗಿ ಕಾಯುತ್ತೀರಲ್ಲ, ಅದೇನು? ಸೊಸೆ ನೋಡಲು ಹೋಗಿ "ನಮ್ಮವರ ಕಳೆ ಇಲ್ಲ" ಎನ್ನುತ್ತೀರಲ್ಲ? ಮನೆಗೆಲಸದಾಕೆಗೆ ಬೇರೆ ಲೋಟ ಇಟ್ಟಿದ್ದೀರಲ್ಲ? ನಮ್ಮವರಾದರೆ ಕೈವಾರ ಮೇಲಿಂದ ಹಿಡಿಯುತ್ತೇವೆ, ಒತ್ತುತ್ತೇವೆ. ಬೇರೆಯವರಾದರೆ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇವೆ.

ಇವತ್ತು ಮನೆಗೆ ಹೋದವರು ಒಂದು ಕೆಲಸ ಮಾಡಿ. ಆ ಬೇರೆ ಲೋಟವನ್ನು ತೊಳೆದು ಉಳಿದವುಗಳ ಜೊತೆಗೇ ಬೋರಲು ಹಾಕಿ. ನಾಳೆ ನಿಮಗೆ ಚಹಾ ಬಂದಾಗ ಅದು ಯಾರ ಲೋಟವೆಂದು ಗುರುತು ಸಿಗಬಾರದು.