ಉಳಿದ ಎಂಟುನೂರು

ಕಣ್ಣಾಸ್ಪತ್ರೆಯ ಬೆಂಚಿನಲ್ಲಿ ಹನಿ ಹಾಕಿಸಿಕೊಂಡು ಕಣ್ಣು ಮುಚ್ಚಿ ಕೂತಿದ್ದ ದರ್ಜಿ ಅಕ್ಕನಿಗೆ ಪಕ್ಕದವರ ಮುಖ ಕಾಣಲಿಲ್ಲ, ಮಾತಷ್ಟೇ ಕಿವಿಗೆ ಬಿತ್ತು. ಒಬ್ಬರು ಮೇಷ್ಟ್ರು. ಇನ್ನೊಬ್ಬ ಬಡಗಿ, ಅವನ ಕಣ್ಣಿಗೂ ನರ್ಸು ಈಗತಾನೇ ಹನಿ ಬಿಟ್ಟಿದ್ದಳು.

"ತಗೋ ಮೇಷ್ಟ್ರೇ, ನಾವಿಬ್ರೂ ಹೋಗಿದ್ದ ಪ್ರವಾಸದ ಬಾಕಿ ಎಂಟುನೂರು. ಆಗಲೇ ಎರಡು ಸಾವಿರ ಕೊಟ್ಟಿದ್ದೆ. ಅಲ್ಲಿಗೆ ಲೆಕ್ಕ ಚುಕ್ತಾ."

"ಹೂಂ. ರೂಮು, ಟಿಕೆಟ್ಟು ಅಂತ ನಾನು ಹಾಕಿದ್ದು ಆರು ಸಾವಿರದ ನಾನೂರು. ಊಟ, ಆಟೋ ಅಂತ ನೀನು ಮೂರು ಸಾವಿರದ ಆರುನೂರು. ವ್ಯತ್ಯಾಸ ಎರಡು ಸಾವಿರದ ಎಂಟುನೂರು."

"ಒಂದು ಕೇಳ್ಲಾ? ಎಲ್ಲಾ ಸೇರಿ ಹತ್ತು ಸಾವಿರ ಖರ್ಚಾಯ್ತಲ್ಲ, ತಲೆಗೆ ಐದು ತಾನೇ?"

"ಐದೇ."

"ನಾನು ಹಾಕಿದ್ದಕ್ಕೆ ಇನ್ನೊಂದು ಸಾವಿರದ ನಾನೂರು ಸೇರಿಸಿದ್ರೆ ಐದಾಗಲ್ವಾ?"

ಮೇಷ್ಟ್ರು ಗೊಣಗುತ್ತಾ ಲೆಕ್ಕವನ್ನು ಮತ್ತೆ ಮೊದಲಿಂದ ಹಾಕಿದರು.

"ಅಯ್ಯೋ! ವ್ಯತ್ಯಾಸದಲ್ಲಿ ಅರ್ಧ ಕೇಳ್ಬೇಕಿತ್ತು, ಪೂರ್ತಿ ಕೇಳ್ಬಿಟ್ಟೆ. ಈ ಎಂಟುನೂರು ನೀನೇ ಇಟ್ಕೋ, ಮೇಲೆ ನಾನೇ ನಿಂಗೆ ಆರುನೂರು ಕೊಡ್ಬೇಕು ಕಣೋ. ಮಕ್ಕಳಿಗೆ ಲೆಕ್ಕ ಹೇಳ್ಕೊಡೋನು ನಾನು!"

"ಹೋಗ್ಲಿ ಬಿಡು."

"ನನ್ನ ಮಗಳ ಮದುವೆಗೆ ನೀನು ಬರ್ದೇ ಇದ್ದಿದ್ದು..."

"ನಿನ್ನ ಬಾಕಿ ಇಟ್ಕೊಂಡು ಯಾವ ಮುಖ ಹೊತ್ಕೊಂಡು ಬರ್ಲಿ?"

ಮೇಷ್ಟ್ರು ನೋಟು ಎಣಿಸುವ ಸದ್ದಾಯಿತು.

"ಅದಿರ್ಲಿ. ಫೋನಲ್ಲಿ ಮದುವೆ ಫೋಟೋ ಇದ್ರೆ ತೋರ್ಸು... ಥೂ, ಈ ಹನಿ ಹಾಕಿ ಏನೂ ಕಾಣ್ತಿಲ್ಲ."

ಒಳಗಿನಿಂದ ನರ್ಸು ಬಡಗಿಯನ್ನು ಕರೆದಳು.

"ಕೈ ಕೊಡು, ನಾನೂ ಬರ್ತೀನಿ," ಎಂದರು ಮೇಷ್ಟ್ರು. ಎರಡು ಜೊತೆ ಚಪ್ಪಲಿಯ ಸದ್ದು ನಿಧಾನಕ್ಕೆ ದೂರವಾಯಿತು. "ನಾನೇ ಹೇಳ್ತೀನಿ ಕೇಳು. ಎಲ್ಲಾ ಫೋಟೋದಲ್ಲೂ ಅವಳು ಬಾಗಿಲ ಕಡೇನೇ ನೋಡ್ತಿದಾಳೆ ಕಣೋ, ಮಾಮ ಈಗ ಬರ್ತಾನೆ ಅಂತ."