ಒಂಬತ್ತು ಸಲ ಹೊಗಳಿದ ಕಣ್ಣು

ರಕ್ತಪರೀಕ್ಷೆಯ ಸಾಲಿನಲ್ಲಿ ಮೇಷ್ಟರೊಬ್ಬರ ಮುಂದೆ ಅಕ್ಕ ತಮ್ಮ ನಿಂತಿದ್ದರು. ಮೇಷ್ಟರು ಪೇಪರು ಮಡಚಿ ಅವರ ಮಾತಿಗೆ ಕಿವಿಗೊಟ್ಟರು.

"ಮೊದಲ ಭೇಟೀಲಿ ಆ ಹುಡುಗಿಗೆ ಕಣ್ಣು ಚೆಂದ ಅಂತ ಎಷ್ಟು ಸಲ ಅಂದ್ಯೋ?" ಅಕ್ಕ ಕೇಳಿದಳು.

"ಒಂಬತ್ತು."

"ಕಣ್ಣಿನ ಡಾಕ್ಟರೂ ಅಷ್ಟು ನೋಡಲ್ಲ, ಕತ್ತೆ! ಇವತ್ತೂ ಹಾಗೇ ಮಾಡಿದ್ರೆ ಮತ್ತೆ ಸಿಗಲ್ಲ ಅಂದಿದಾಳಲ್ಲ?"

"ಇವತ್ತು ಗುಣ ಹೊಗಳ್ತೀನಿ. ನೀವು ಒಳ್ಳೆಯವರು, ಬುದ್ಧಿವಂತರು, ಧೈರ್ಯವಂತರು..."

"ಅದು ಬೀಳ್ಕೊಡುಗೆ ಭಾಷಣ. ಅವಳು ಮಾಡಿದ್ದು ಏನಾದ್ರೂ ನೋಡಿದ್ಯಾ?"

"ಹೋಟ್ಲಲ್ಲಿ ಸಪ್ಲೈಯರ್ ಅವಳ ಮೇಲೆ ಕಾಫಿ ಚೆಲ್ಲಿದ. ಅವನನ್ನ ಬೈಯೋಕೆ ಬಂದ ಯಜಮಾನರಿಗೆ, ನನ್ನ ಕೈ ತಗುಲಿತು ಅಂದ್ಲು. ನಾನಾಗಿದ್ರೆ ಕೂಗಾಡ್ತಿದ್ದೆ. ನಾಚಿಕೆ ಆಯ್ತು."

"ಅದನ್ನೇ ಒಂದು ಸಲ ಹೇಳಿ ಬಾಯಿ ಮುಚ್ಕೊ. ಅವಳ ಮಾತು ಕೇಳು."

"ಕಣ್ಣು?"

"ಹೊರಡುವಾಗ ಬೇಕಾದ್ರೆ ಒಮ್ಮೆ."

ಒಳಗಿನಿಂದ ಕರೆ ಬಂತು.

"ನಾಚಿಕೆ ಆಗಿದ್ದೂ ಹೇಳ್ಬೇಕಾ ಅಕ್ಕಾ?"

"ಮತ್ತೆ? ಅದನ್ನ ನುಂಗಿದ್ರೆ ಉಳಿದದ್ದನ್ನ ಯಾರು ನಂಬ್ತಾರೆ?" ಎನ್ನುತ್ತ ಅಕ್ಕ ಅವನನ್ನು ಸೂಜಿಯ ಕೋಣೆಗೆ ತಳ್ಳಿಕೊಂಡು ಹೋದಳು.